ಯಾಕೆ ಪುಸ್ತಕದ ನಲವತ್ತೊಂದನೇ ನಮೂದು

ಬರೆದದ್ದನ್ನು ಯಾರಾದರೂ ಓದಿ ನಕ್ಕರೆ ನನಗೆ ಎರಡು ದಿನ ಊಟ ಬೇಡ. ಈ ಚಟ ಮೊದಲಿನಿಂದಲೂ ಇದೆ. ಶಾಲೆಯಲ್ಲಿ ರಜಾ ಚೀಟಿಯನ್ನೂ ನಗು ಬರುವ ಹಾಗೆ ಬರೆದು ಏಟು ತಿಂದವಳು ನಾನು. ಆ ಚಟವನ್ನು ಆಫೀಸಿನ ರಿಜಿಸ್ಟರಿಗೂ ಹತ್ತಿಸಿದ ಕಥೆ ಇದು.

ನಮ್ಮ ಆಫೀಸು ಚಳ್ಳಕೆರೆಯಲ್ಲಿ, ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯ ಒಂದು ಮಹಡಿಯ ಮೇಲೆ. ಎರಡು ಕೋಣೆ, ಒಂದು ಜೀಪು, ಐದಾರು ಜನ. ಮಳೆ ನೀರು ಹರಿದು ಹೋಗದಂತೆ ಹಳ್ಳಗಳಿಗೆ ಚೆಕ್ ಡ್ಯಾಂ ಕಟ್ಟಿಸುವುದು, ಗೋಮಾಳಗಳಲ್ಲಿ ಹುಲ್ಲು ಬೆಳೆಸುವುದು, ಸಸಿ ನೆಡಿಸುವುದು ನಮ್ಮ ಕೆಲಸ. ನಾನು ಇಂಜಿನಿಯರ್ ಅಲ್ಲ. ಯಾವ ಕೆಲಸ ಯಾರದು, ಎಂದಿಗೆ ಮುಗಿಯಬೇಕು, ಎಲ್ಲಿಯವರೆಗೆ ಬಂದಿದೆ ಎಂಬ ಪಟ್ಟಿಯನ್ನು ಗೋಡೆಯ ಮೇಲೆ ಬರೆದು, ಅದರ ಪ್ರಕಾರ ಎಲ್ಲರ ಪ್ರಾಣ ತೆಗೆಯುವವಳು. ಇಂಜಿನಿಯರುಗಳು ಬರುತ್ತಿದ್ದರು, ಎರಡು ವರ್ಷ ಇರುತ್ತಿದ್ದರು, ಒಳ್ಳೆಯ ಕೆಲಸ ಸಿಕ್ಕಿದ ಕೂಡಲೇ ಹೋಗುತ್ತಿದ್ದರು. ನಾನೂ ನನ್ನ ಪಟ್ಟಿಯೂ ಮಾತ್ರ ಅಲ್ಲೇ ಇದ್ದೆವು.

ಪಟ್ಟಿಯಲ್ಲಿ ಒಂದು ಕೊರತೆ ಇದೆ ಎಂದು ನನಗೆ ಗೊತ್ತಾದದ್ದು ತಳಕಿನ ಹತ್ತಿರದ ಒಂದು ಹಳ್ಳದಲ್ಲಿ. ಅಲ್ಲಿ ಚೆಕ್ ಡ್ಯಾಂ ಕಟ್ಟಬೇಕೆಂದು ಮೊದಲು ಗುರುತು ಹಾಕಿದ ಜಾಗದಲ್ಲಿ ಆಗಿನ ಇಂಜಿನಿಯರು ಗುಂಡಿ ತೋಡಿಸಿ ನೋಡಿದ್ದರು. ಆಳುದ್ದ ಇಳಿದರೂ ಬರೀ ಮರಳು. ಇಲ್ಲಿ ಕಟ್ಟಿದರೆ ನೀರು ಕಟ್ಟೆಯ ಅಡಿಯಿಂದಲೇ ನುಸುಳಿ ಹೋಗುತ್ತದೆ ಎಂದು ಅವರು ಜಾಗವನ್ನು ಮೇಲಕ್ಕೆ, ಬಂಡೆ ಸಿಗುವ ಕಡೆಗೆ ಸರಿಸಿದರು. ಪಟ್ಟಿಯಲ್ಲಿ ನಾನು ಹಳೆಯ ಜಾಗವನ್ನು ಅಳಿಸಿ ಹೊಸ ಜಾಗ ಬರೆದೆ. ಅಷ್ಟೇ ಬರೆದೆ. ಕೆಲಸ ಶುರುವಾಗುವ ಮೊದಲೇ ಅವರು ಬಿಟ್ಟು ಹೋದರು. ಅವರ ನಂತರ ಬಂದವರಿಗೆ ಹಳೆಯ ನಕ್ಷೆ ಸಿಕ್ಕಿತು. ರಸ್ತೆಗೆ ಹತ್ತಿರದ ಜಾಗ ಬಿಟ್ಟು ದೂರ ಹೋಗಿದ್ದಾರಲ್ಲ, ಯಾರೋ ತಪ್ಪಾಗಿ ಬರೆದಿರಬೇಕು ಎಂದುಕೊಂಡು ಅವರು ಮತ್ತೆ ಮೊದಲಿನ ಜಾಗದಲ್ಲೇ ಕಟ್ಟಿಸಿದರು. ಮಳೆ ಬಂತು, ಕಟ್ಟೆ ತುಂಬಿತು, ನಾಲ್ಕೇ ದಿನಕ್ಕೆ ನೀರು ಮಾಯ. ನಾವು ದಂಡೆಯ ಮೇಲೆ ಪೆಚ್ಚಾಗಿ ನಿಂತಿದ್ದಾಗ ಬಟ್ಟೆ ಹೊತ್ತು ಬಂದ ಒಬ್ಬ ಹೆಂಗಸು, "ಹೋದ ಸಾರಿನೇ ಗುಂಡಿ ತೋಡಿ ಮರಳು ಅಂದಿದ್ರಲ್ಲವ್ವ, ಮರ್ತುಬಿಟ್ರಾ?" ಎಂದು ಕೇಳಿದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಗೊತ್ತಿಲ್ಲದೆ ತಪ್ಪು ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನಮಗೆ ಗೊತ್ತಿತ್ತು. ಎಲ್ಲಿ ಎಂಬುದು ಪಟ್ಟಿಯಲ್ಲಿತ್ತು, ಯಾಕೆ ಎಂಬುದು ಒಬ್ಬರ ತಲೆಯಲ್ಲಿತ್ತು, ಆ ತಲೆ ಬಸ್ಸು ಹತ್ತಿ ಹೋಗಿತ್ತು.

ಮರುದಿನವೇ ಪೇಟೆಯಿಂದ ಉದ್ದನೆಯ ರಟ್ಟಿನ ರಿಜಿಸ್ಟರ್ ತಂದು, ದಾರ ಕಟ್ಟಿ, ಗೋಡೆಯ ಪಟ್ಟಿಯ ಪಕ್ಕದಲ್ಲೇ ಮೊಳೆಗೆ ನೇತುಹಾಕಿದೆ. ಮೇಲೆ 'ನಿರ್ಧಾರಗಳ ದಾಖಲೆ' ಎಂದು ದೊಡ್ಡ ಅಕ್ಷರದಲ್ಲಿ ಬರೆದೆ. ಯಾರೂ ಹಾಗೆ ಕರೆಯಲಿಲ್ಲ. ಎಲ್ಲರ ಬಾಯಲ್ಲೂ ಅದು 'ಯಾಕೆ ಪುಸ್ತಕ' ಆಯಿತು. ಯೋಜನೆಯಲ್ಲಿ ಏನೇ ಬದಲಾದರೂ ಅದರಲ್ಲಿ ಒಂದು ನಮೂದು ಆಗಬೇಕು. ಮೊದಲು ಏನಿತ್ತು, ಈಗ ಏನಾಯಿತು, ಯಾಕೆ, ಬೇರೆ ಯಾವ ದಾರಿಗಳನ್ನು ನೋಡಿ ಬಿಟ್ಟೆವು, ಯಾರು ಯಾರು ಇದ್ದರು, ಮುಂದೆ ಏನಾದರೆ ಇದನ್ನು ಮತ್ತೆ ಯೋಚಿಸಬೇಕು. ಪ್ರತಿ ನಮೂದಿಗೂ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಗೋಡೆಯ ಪಟ್ಟಿಯಲ್ಲಿ ಆ ಕೆಲಸದ ಎದುರಿಗೇ ಬರೆಯುವುದು, ಓದುವವರು ಹುಡುಕಿಕೊಂಡು ಅಲೆಯಬಾರದಲ್ಲ. ಹಳೆಯ ನಮೂದನ್ನು ಯಾರೂ ಹೊಡೆದುಹಾಕುವಂತಿಲ್ಲ. ಮನಸ್ಸು ಬದಲಾದರೆ ಹೊಸ ನಮೂದು ಬರೆದು, ಇದು ಇಂಥ ಸಂಖ್ಯೆಯ ಬದಲಿಗೆ ಎಂದು ತೋರಿಸಬೇಕು. ಇಷ್ಟನ್ನೂ ಮೊದಲ ಪುಟದಲ್ಲಿ ನನ್ನ ಕೈಯಾರೆ ಬರೆದು ಸಹಿ ಹಾಕಿದೆ.

ಮೊದಲ ತಿಂಗಳು ಎಲ್ಲರೂ ಒಂದೇ ಕಾರಣ ಬರೆದರು: ತಾಂತ್ರಿಕ ಕಾರಣ. ಕಂದಕ ಸರಿದದ್ದು ತಾಂತ್ರಿಕ ಕಾರಣ, ಸಭೆ ಮುಂದೆ ಹೋದದ್ದು ತಾಂತ್ರಿಕ ಕಾರಣ, ಜೀಪಿನ ಡ್ರೈವರ್ ತಡವಾಗಿ ಬಂದದ್ದೂ ತಾಂತ್ರಿಕ ಕಾರಣ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಈ ಕಡೆಗೂ ಬೆಳಕಿಲ್ಲ ಆ ಕಡೆಗೂ ಬೆಳಕಿಲ್ಲ. ಆ ಎರಡು ಪದ ಬರೆದವರಿಗೆ ಒಂದು ವಾರ ಸಕ್ಕರೆ ಇಲ್ಲದ ಚಹಾ ಎಂದು ನಾನು ಕಾನೂನು ಮಾಡಿದೆ. ಸಕ್ಕರೆ ಡಬ್ಬಿ ನನ್ನ ಬೀರುವಿನಲ್ಲಿತ್ತು. ಹದಿನೈದು ದಿನದಲ್ಲಿ ತಾಂತ್ರಿಕ ಕಾರಣಗಳೆಲ್ಲ ವಾಸಿಯಾದವು.

ಆಮೇಲೆ ನನ್ನ ಚಟ ತಲೆ ಎತ್ತಿತು. ಒಮ್ಮೆ ಸಸಿ ನೆಡುವ ದಿನ ಮುಂದೆ ಹೋಯಿತು. ನಾನು ಬರೆದೆ: 'ಕಾರಣ: ಸಸಿ ತರಬೇಕಾದ ಟ್ರ್ಯಾಕ್ಟರ್ ಮದುವೆಗೆ ಹೋಗಿದೆ. ಮದುವೆ ಯಾರದು: ಟ್ರ್ಯಾಕ್ಟರಿನ ಮಾಲೀಕನದೇ. ಮುಂದಿನ ಸಲ ದಿನ ಗೊತ್ತು ಮಾಡುವ ಮೊದಲು ಲಗ್ನಗಳನ್ನು ವಿಚಾರಿಸುವುದು.' ಎಲ್ಲರೂ ನಕ್ಕರು. ಮರುವರ್ಷ ಅದನ್ನು ಓದಿದವರು ಲಗ್ನ ವಿಚಾರಿಸಿಯೇ ದಿನ ಇಟ್ಟರು, ಕೆಲಸವೂ ಸುಸೂತ್ರವಾಯಿತು. ನನಗೆ ಕೊಂಬು ಬಂತು. ಚಹಾದ ಹೊತ್ತಿಗೆ ಜನ ಧಾರಾವಾಹಿ ನೋಡುವ ಹಾಗೆ ರಿಜಿಸ್ಟರ್ ಸುತ್ತ ಸೇರುತ್ತಿದ್ದರು. ಬದಲಾವಣೆ ಇಲ್ಲದ ವಾರ ನನಗೇ ಬೇಸರವಾಗುತ್ತಿತ್ತು.

ಹೀಗಿರುವಾಗ ಮೊಳಕಾಲ್ಮೂರು ಕಡೆಯ ಒಂದು ಗುಡ್ಡದ ಗೋಮಾಳದ ಕೆಲಸ ಬಂತು. ಹುಲ್ಲು, ಸಸಿ ಚಿಗುರುವವರೆಗೆ ದನ ಕುರಿ ನುಗ್ಗದಂತೆ ಸುತ್ತಲೂ ಕಂದಕ ತೋಡಬೇಕು. ನಕ್ಷೆಯಲ್ಲಿ ಕಂದಕ ಬಳೆಯ ಹಾಗೆ ಪೂರ್ತಿ ಸುತ್ತಿತ್ತು. ಗುರುತು ಹಾಕಲು ನಾನೂ ನಮ್ಮ ಫೀಲ್ಡಿನವನೂ ಹೋದೆವು. ಅವನು ಆ ಕಡೆಯವನೇ, ಮನೆಯಲ್ಲಿ ತೆಲುಗು ಬೀದಿಯಲ್ಲಿ ಕನ್ನಡ ಆಡುವವನು.

ಅಲ್ಲಿ ನಮ್ಮನ್ನು ಕಾಯುತ್ತ ಒಬ್ಬ ತಾತ ನಿಂತಿದ್ದರು. ಬರಿಗಾಲು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಅವರು ಕಿಲಾರಿ, ಅಂದರೆ ದೇವರ ಎತ್ತುಗಳನ್ನು ಕಾಯುವವರು. ಆ ಸೀಮೆಯ ಕೆಲವು ಕುಲಗಳು ದೇವರಿಗೆ ಬಿಟ್ಟ ದನದ ಹಿಂಡನ್ನು ಸಾಕುತ್ತವೆ. ಹೆಸರಿಗೆ ಎತ್ತುಗಳು, ಹಿಂಡಿನಲ್ಲಿ ಹಸು ಕರು ಎಲ್ಲವೂ ಇರುತ್ತವೆ. ಅವುಗಳ ಹೆಗಲಿಗೆ ನೊಗ ಇಡುವುದಿಲ್ಲ, ಅವುಗಳನ್ನು ಮಾರುವುದಿಲ್ಲ. ಹಿಂಡಿನ ಜೊತೆಗೇ ಕಿಲಾರಿಯ ಬಾಳು.

ತಾತ ಗುಡ್ಡದ ಒಂದು ಮಗ್ಗುಲಲ್ಲಿ ಕೋಲಿನಿಂದ ಗೆರೆ ಎಳೆದು, ಅಲ್ಲಿಂದ ಹೆಜ್ಜೆ ಎಣಿಸುತ್ತ ನಡೆದು, ಇನ್ನೊಂದು ಗೆರೆ ಎಳೆದರು.

"ಈ ಮೂವತ್ತು ಹೆಜ್ಜೆ ಬಿಡ್ರಿ. ಇಲ್ಲಿ ಮಣ್ಣು ಮುಟ್ಟಬ್ಯಾಡ್ರಿ" ಎಂದರು.

"ಅಷ್ಟಗಲ ಬಾಗಿಲು ಬಿಟ್ಟರೆ ಕಂದಕ ಯಾಕೆ ತಾತ, ಆ ಬಾಗಿಲಲ್ಲೇ ಊರ ಕುರಿಯೆಲ್ಲ ಒಳಗೆ ಬರುತ್ತೆ" ಎಂದೆ.

ಅವರು ಎಡಗೈ ಬೆರಳು ಮಡಚುತ್ತ ಹೇಳತೊಡಗಿದರು. "ಬ್ಯಾಸಿಗೆನಾಗೆ ಒಳಗಡೆ ಬಂಡೆ ಗುಂಡಿ, ಆ ದೊಣೆ ಒಂದ್ರಾಗೇ ನೀರು. ಸಂಜೆ ನೀರಿನ ವಾಸ್ನೆ ಬಡಿದ್ರೆ ದನ ನಿಲ್ಲಲ್ಲ, ಓಡ್ತಾವೆ. ಮುಂದಿಂದು ನಿಂತ್ರೂ ಹಿಂದಿಂದು ನೂಕ್ತಾವೆ. ಕಂದಕ ಇದ್ರೆ ಮುಂದಿಂದು ಅದ್ರಾಗೆ." ಒಂದು ಬೆರಳು. "ಮುದಿ ಹಸ ಹಿಡಿದ ದಾರಿನೇ ಹಿಂಡಿಗೆ ದಾರಿ. ಅದು ತನ್ನ ತಾಯಿ ಹಿಂದೆ ನಡ್ದು ಕಲ್ತಿದ್ದು. ನೀನು ನಕ್ಷೆ ತೋರ್ಸಿದ್ರೆ ತಿರುಗಲ್ಲ." ಎರಡು. "ಮ್ಯಾಗಳ ಕಡೆ ಕಲ್ಲು ಚೂಪು, ಗೊರಸು ನಿಲ್ಲಲ್ಲ." ಮೂರು.

ನಾನು ವಾದಕ್ಕೆ ಇಳಿದೆ. ಹತ್ತು ಹೆಜ್ಜೆ ಸಾಕು ಎಂದೆ. ಹದಿನೈದು ಎಂದೆ. ನೆತ್ತಿ ಸುಡುವ ಬಿಸಿಲು, ತಾತ ಮಾತ್ರ ಮೂವತ್ತರಿಂದ ಅಲುಗಲಿಲ್ಲ. ಕೊನೆಗೆ ನನ್ನ ಕೈಲಿದ್ದ ಹೂವಿನ ಛತ್ರಿಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ, "ನೀನು ಎಷ್ಟು ದನ ಕಾದೀಯವ್ವ?" ಎಂದು ಬಹಳ ಸಮಾಧಾನದಿಂದ ಕೇಳಿದರು. ಫೀಲ್ಡಿನವನು ಬೇರೆ ಕಡೆ ತಿರುಗಿ ಕೆಮ್ಮಿದ. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು. ತಾತ ನಾಲ್ಕನೇ ಬೆರಳು ಮಡಚಿ ಇನ್ನೂ ಏನೋ ಹೇಳುತ್ತಿದ್ದರು. ನಾನಾಗಲೇ "ಆಯಿತು, ಮೂವತ್ತೇ ಇರಲಿ, ಬರೆದುಕೊಳ್ಳುತ್ತೇನೆ" ಎಂದು ಜೀಪಿನ ಕಡೆ ಹೊರಟಿದ್ದೆ.

"ಬರ್ಕೊ ತಾಯಿ. ಯಾಕೆ ಅಂತನೂ ಬರ್ಕೊ" ಎಂದು ಅವರು ಹಿಂದಿನಿಂದ ಹೇಳಿದ್ದು ಕೇಳಿಸಿತು.

ಚಳ್ಳಕೆರೆಗೆ ಬಂದ ಮೇಲೂ ಛತ್ರಿಯ ಉರಿ ಇಳಿದಿರಲಿಲ್ಲ. ಯಾಕೆ ಪುಸ್ತಕ ತೆಗೆದು ಬರೆದೆ: 'ನಮೂದು ನಲವತ್ತೊಂದು. ಕಂದಕದಲ್ಲಿ ಮೂವತ್ತು ಹೆಜ್ಜೆ ತೆರಪು ಬಿಡುವುದು. ಕಾರಣ: ತಾತನ ಹಠ. ನಮ್ಮ ಹಠಕ್ಕಿಂತ ಒಂದು ಗೇಣು ಉದ್ದ.' ಬೇರೆ ದಾರಿಗಳು ಎಂಬಲ್ಲಿ 'ಯಾವುದನ್ನೂ ತಾತ ಒಪ್ಪಲಿಲ್ಲ' ಎಂದೆ. ಮತ್ತೆ ಯಾವಾಗ ಯೋಚಿಸಬೇಕು ಎಂಬಲ್ಲಿ 'ತಾತ ಸೋತಾಗ' ಎಂದೆ. ಆ ವಾರವಿಡೀ ಆಫೀಸು ನಕ್ಕಿತು. ತಳಕಿನ ಕಡೆ ಕೆಲಸ ಮಾಡುತ್ತಿದ್ದವರು ಅದನ್ನು ಓದಲೆಂದೇ ಮಹಡಿ ಹತ್ತಿ ಬಂದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ತಾಂತ್ರಿಕ ಕಾರಣ ಎಂದವರ ಚಹಾಕ್ಕೆ ಸಕ್ಕರೆ ಕೊಡದ ನಾನು, ಅದಕ್ಕಿಂತ ಪೊಳ್ಳಾದದ್ದನ್ನು ಬರೆದು ಎರಡು ಚಮಚ ಸಕ್ಕರೆ ಹಾಕಿಕೊಂಡು ಕುಡಿದೆ.

ಎರಡು ವರ್ಷ ಕಳೆಯಿತು. ಫೀಲ್ಡಿನವನು ಬಳ್ಳಾರಿಯಲ್ಲಿ ಬೇರೆ ಕೆಲಸ ಹಿಡಿದ. ಹೊಸ ಇಂಜಿನಿಯರ್ ಬಂದಳು, ದಾವಣಗೆರೆ ಕಡೆಯ ಹುಡುಗಿ, ಕಡಿಮೆ ಮಾತು, ಕನ್ನಡಕ. ಬಂದ ಮೊದಲ ವಾರವೇ ಯಾಕೆ ಪುಸ್ತಕವನ್ನು ಮೊಳೆಯಿಂದ ಬಿಚ್ಚಿ ಮೊದಲ ಪುಟದಿಂದ ಕೊನೆಯವರೆಗೆ ಓದಿದಳು. ಅಷ್ಟು ಪೂರ್ತಿ ಓದಿದವರು ಅವಳೊಬ್ಬಳೇ. ಅಲ್ಲಲ್ಲಿ ಅವಳ ತುಟಿ ಅರಳಿದ್ದನ್ನು ನಾನು ಕದ್ದು ನೋಡಿ, ಯಾವ ನಮೂದಿಗೆ ಎಂದು ಲೆಕ್ಕ ಹಾಕಿ ಹಿಗ್ಗಿದೆ.

ಆ ವರ್ಷ ಏಪ್ರಿಲಿನಲ್ಲಿ ನಮ್ಮ ಅವ್ವನಿಗೆ ಕಣ್ಣಿನ ಪೊರೆ ತೆಗೆಸಲು ದಾವಣಗೆರೆಗೆ ಹೋದೆ. ಆಸ್ಪತ್ರೆಯಲ್ಲಿ ಫೋನು ಬಂದ್ ಮಾಡಿಟ್ಟಿದ್ದೆ. ವಾರ ಬಿಟ್ಟು ಆಫೀಸಿಗೆ ಬಂದಾಗ ಹೆಗಲ ಚೀಲ ಇಳಿಸುವ ಮೊದಲೇ ಅಭ್ಯಾಸದಂತೆ ಯಾಕೆ ಪುಸ್ತಕ ತೆರೆದೆ. ಹೊಸ ನಮೂದು, ಅರವತ್ತಮೂರು. ಅಚ್ಚುಕಟ್ಟಾದ ಅಕ್ಷರ. 'ಗೋಮಾಳದ ಕಂದಕದ ಮೂವತ್ತು ಹೆಜ್ಜೆ ತೆರಪನ್ನು ಮುಚ್ಚುವುದು, ಅಂದರೆ ಅಲ್ಲಿಯೂ ಕಂದಕ ತೋಡುವುದು. ನಲವತ್ತೊಂದರ ಬದಲಿಗೆ. ಕಾರಣ: ತೆರಪಿನಿಂದ ಮೇಕೆಗಳು ನುಗ್ಗಿ ಆ ಭಾಗದ ಸಸಿಗಳನ್ನು ತಿಂದಿವೆ. ತೆರಪು ಬಿಡಲು ಹಿಂದೆ ಬರೆದ ಕಾರಣ ಒಬ್ಬರ ಒತ್ತಾಯ ಮಾತ್ರ, ಬೇರೆ ಕಾರಣ ದಾಖಲಾಗಿಲ್ಲ. ಕಚೇರಿಯ ಮೇಡಂ ಅವರಿಗೆ ಎರಡು ಸಲ ಫೋನ್ ಮಾಡಿದೆ, ಸಿಗಲಿಲ್ಲ.' ಕೆಳಗೆ ಸಹಿ. ನನ್ನ ಮೊದಲ ಪುಟದ ಒಂದು ನಿಯಮವನ್ನೂ ಅವಳು ಮುರಿದಿರಲಿಲ್ಲ. ಗೋಡೆಯ ಪಟ್ಟಿಯಲ್ಲಿ ಆ ಕೆಲಸದ ಎದುರು ಅಂದಿನ ತಾರೀಖೇ ಇತ್ತು.

ಬೇಸಿಗೆ, ದೊಣೆ, ಸಂಜೆ ಓಡುವ ಹಿಂಡು, ಎಲ್ಲ ಒಟ್ಟಿಗೆ ನೆನಪಾಯಿತು. ಅವಳಿಗೆ ಫೋನ್ ಮಾಡಿದೆ, ಗುಡ್ಡದಲ್ಲಿ ಸಿಗ್ನಲ್ ಇಲ್ಲ. ಜೀಪು ಅವಳ ಜೊತೆ ಹೋಗಿತ್ತು. ಸಿಕ್ಕ ಬಸ್ಸು ಹತ್ತಿದೆ. ಆ ಬಸ್ಸು ತಳಕಿನಲ್ಲಿ ನಿಂತು ಡ್ರೈವರ್ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಇಳಿದ. ಇನ್ನೊಂದು ದಿನವಾಗಿದ್ದರೆ ನಾನೂ ಇಳಿದು ಒಂದು ಪೊಟ್ಟಣ ಕಟ್ಟಿಸುತ್ತಿದ್ದೆ. ಅಂದು ಕಿಟಕಿಯಿಂದಲೇ ಅವನ ಏಳು ತಲೆಮಾರನ್ನು ಮನಸ್ಸಿನಲ್ಲಿ ವಿಚಾರಿಸಿಕೊಂಡೆ. ಮೊಳಕಾಲ್ಮೂರಿನಲ್ಲಿ ಆಟೋ ಹಿಡಿದು ಗುಡ್ಡ ಮುಟ್ಟುವ ಹೊತ್ತಿಗೆ ಬಿಸಿಲು ವಾಲಿತ್ತು.

ಜೆಸಿಬಿ ನಿಂತಿತ್ತು. ಮೂವತ್ತು ಹೆಜ್ಜೆಯಲ್ಲಿ ಹತ್ತು ಹೆಜ್ಜೆಯಷ್ಟು ತೋಡಿ ಆಗಿತ್ತು. ಉಳಿದ ಇಪ್ಪತ್ತರ ಮೊದಲಲ್ಲಿ, ಯಂತ್ರದ ಕೈ ಎದುರಿಗೆ, ತಾತ ಕಂಬಳಿ ಹಾಸಿಕೊಂಡು ಕೂತಿದ್ದರು. ಊರಿನ ನಾಲ್ಕೈದು ಜನ ಸುತ್ತ ನಿಂತಿದ್ದರು. ಇಂಜಿನಿಯರ್ ಹುಡುಗಿಯ ಮುಖ ಕೆಂಪಾಗಿತ್ತು, ಆದರೂ ದನಿ ಏರಿಸಿರಲಿಲ್ಲ.

ತಾತ ನನ್ನನ್ನು ಕಂಡು, "ಬಂದ್ಲಲ್ಲ ಆಯಮ್ಮ. ಇನ್ನು ಸರೀಗಾಯ್ತು" ಎಂದು ಎದ್ದರು. ಊರವರ ಕಡೆ ತಿರುಗಿ ತೆಲುಗಿನಲ್ಲಿ ಏನೋ ಹೇಳಿದರು. ಮತ್ತೆ ನನ್ನ ಕಡೆಗೆ, "ಈ ಹುಡುಗಿ ಕಾರಣ ಇಲ್ಲ ಅಂತೈತೆ. ನಾ ಅಂದೆ, ಬುಕ್ಕಿನಾಗೆ ಐತೆ ನೋಡವ್ವ, ನಾ ಹೇಳಿದ್ದನ್ನೆಲ್ಲ ಆಯಮ್ಮ ಬರ್ಕೊಂಡ್ಲು ಅಂತ. ಫೋನಿನಾಗೆ ಆ ಹಾಳೆ ಐತಂತೆ, ಓದು ಅಂದ್ರೆ ಸುಮ್ಕೆ ನಿಂತೈತೆ. ನೀನೇ ಓದು ತಾಯಿ, ಎಲ್ಲಾರೂ ಕೇಳ್ಲಿ" ಎಂದರು.

ಹುಡುಗಿ ಫೋನ್ ನನ್ನ ಕೈಗೆ ಕೊಟ್ಟಳು. ನಲವತ್ತೊಂದರ ಚಿತ್ರ. ನನ್ನದೇ ಗುಂಡನೆಯ ಅಕ್ಷರ. ಅದನ್ನು ತಾತನೆದುರು ಓದಬಾರದೆಂದೇ ಅವಳು ಸುಮ್ಮನೆ ನಿಂತಿದ್ದಳು ಎಂದು ಆಗ ತಿಳಿಯಿತು. ನನ್ನ ಮಗಳ ವಯಸ್ಸಿನವಳಿಗಿದ್ದ ಮರ್ಯಾದೆ ನನಗಿರಲಿಲ್ಲ.

ನಾನು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಗಂಟಲು ಸರಿ ಮಾಡಿಕೊಂಡು ಓದಿದೆ. ಓದಿದೆ ಎಂದರೆ, ಓದಿದಂತೆ ನಟಿಸಿದೆ. "ಬೇಸಿಗೆಯಲ್ಲಿ ದೊಣೆಯೊಂದರಲ್ಲೇ ನೀರು. ನೀರಿನ ವಾಸನೆ ಬಂದರೆ ಹಿಂಡು ಓಡುತ್ತದೆ, ಹಿಂದಿನವು ಮುಂದಿನವನ್ನು ನೂಕುತ್ತವೆ. ಮುದಿ ಹಸು ಹಿಡಿದ ದಾರಿಯೇ ಹಿಂಡಿನ ದಾರಿ. ಮೇಲಿನ ಕಡೆ ಕಲ್ಲು ಚೂಪು, ಗೊರಸು ನಿಲ್ಲುವುದಿಲ್ಲ." ಸುದ್ದಿ ಓದುವವರ ಹಾಗೆ ಸ್ಪಷ್ಟವಾಗಿ ಓದಿದೆ. ತಾತ ಪ್ರತಿ ಮಾತಿಗೂ ಒಂದೊಂದು ಬೆರಳು ಮಡಚುತ್ತಿದ್ದರು. ಊರವರು ತಲೆದೂಗಿದರು. ಗೆದ್ದೆ ಎಂದುಕೊಂಡೆ.

ತಾತನ ನಾಲ್ಕನೇ ಬೆರಳು ನೆಟ್ಟಗೇ ನಿಂತಿತ್ತು. "ಒಂದು ಬಿಟ್ಟೆ" ಎಂದರು.

"ಅಷ್ಟೇ ಇರೋದು ತಾತ."

"ಇಲ್ಲವ್ವ. ಗಬ್ಬದ ಹಸಿಂದು ಹೇಳಿದ್ನಲ್ಲ. ಆ ಕಡೆ ಸೀಮೆನಾಗೆ ಯಾರೋ ತೋಡಿದ್ದ ಕಂದಕದಾಗೆ ಬಿತ್ತು. ಕಾಲು ಮುರೀತು, ಎತ್ತಾಕೆ ಆಗ್ಲಿಲ್ಲ. ಎರಡು ದಿನ ಅದ್ರಾಗೇ ಇತ್ತು, ನಾನೂ ಅದ್ರಾಗೇ ಇಳಿದು ಕೂತಿದ್ದೆ. ಅದನ್ನ ಬರ್ಕೊಂಡಿಲ್ವಾ?"

ಅದನ್ನು ನಾನು ಕೇಳಿಯೇ ಇರಲಿಲ್ಲ. ಅವರು ಆ ಬೆರಳು ಮಡಚುವಾಗ ನಾನು ಛತ್ರಿಯ ಅವಮಾನ ಹೊತ್ತು ಜೀಪಿನ ಕಡೆ ನಡೆದಿದ್ದೆ. ಇನ್ನು ನಟಿಸಲು ಬಾಯಿ ಏಳಲಿಲ್ಲ.

"ತಾತ, ನಾನು ಓದಿದ್ದು ಸುಳ್ಳು. ಅದೊಂದೂ ಇದರಲ್ಲಿ ಇಲ್ಲ. ಕಾರಣ ತಾತನ ಹಠ, ನಮ್ಮ ಹಠಕ್ಕಿಂತ ಒಂದು ಗೇಣು ಉದ್ದ, ಇಷ್ಟೇ ಬರೆದಿದ್ದೇನೆ. ನಿಮ್ಮ ಮೇಲಿನ ಸಿಟ್ಟಿಗೆ ಬರೆದೆ" ಎಂದೆ.

ಊರವರಲ್ಲಿ ಒಬ್ಬ ನಗಲು ಹೋಗಿ ತಾತನ ಮುಖ ನೋಡಿ ನಿಲ್ಲಿಸಿದ. ತಾತ ಮಡಚಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಆಮೇಲೆ, "ಎರಡು ವರ್ಷದಿಂದ ಊರಿಗೆಲ್ಲ ಹೇಳ್ಕೊಂಡು ಬಂದ್ನಲ್ಲವ್ವ, ಬುಕ್ಕಿನಾಗೆ ಐತೆ ಅಂತ. ಕಂದಕನೇ ಬ್ಯಾಡ ಅಂದೋರಿಗೂ ಅದನ್ನೇ ಹೇಳಿ ಒಪ್ಸಿದ್ದೆ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಅವರೇ ಆಕಾಶ ನೋಡಿ, "ಮೊದ್ಲು ಮುಳ್ಳು ತರ್ರಿ. ಹಿಂಡು ಬರೋ ಹೊತ್ತಾತು" ಎಂದರು.

ತೋಡಿದ ಹತ್ತು ಹೆಜ್ಜೆಯನ್ನು ಆಗಲೇ ಮುಚ್ಚಿದರೆ ಸಡಿಲ ಮಣ್ಣಿನಲ್ಲಿ ಗೊರಸು ಹೂತುಹೋಗುತ್ತದೆ ಎಂದು ಹುಡುಗಿ ಹೇಳಿದಳು. ಅದನ್ನು ಆಮೇಲೆ ಕಲ್ಲು ಹಾಕಿ ಗಟ್ಟಿಸಿ ಮುಚ್ಚುವುದು, ಈಗ ಆ ಅಂಚಿಗೆ ಮುಳ್ಳು ಒಟ್ಟಿ ಉಳಿದ ಇಪ್ಪತ್ತು ಹೆಜ್ಜೆಯಲ್ಲಿ ಹಿಂಡನ್ನು ದಾಟಿಸುವುದು ಎಂದಾಯಿತು. ಬಳ್ಳಾರಿ ಜಾಲಿಗೆ ಆ ಗುಡ್ಡದಲ್ಲಿ ಬರವಿಲ್ಲ. ಊರವರು ಕಡಿದರು, ಜೆಸಿಬಿಯವನು ಎಳೆದ, ಹುಡುಗಿಯೂ ನಾನೂ ಹೊತ್ತೆವು. ನನ್ನ ಸೀರೆಯ ಸೆರಗು ಹರಿದು ಮುಳ್ಳಿನಲ್ಲೇ ಉಳಿಯಿತು. ಯಾರೂ ಅಯ್ಯೋ ಎನ್ನಲಿಲ್ಲ. ಅದೂ ಸರಿಯೇ.

ಮುಳ್ಳು ಹೊತ್ತು ಎದುರು ಬದುರಾದಾಗ ಹುಡುಗಿ ಮೆಲ್ಲಗೆ ಹೇಳಿದಳು: "ಬುಕ್ಕಲ್ಲಿ ಏನೂ ಬರೆದಿಲ್ದೇ ಇದ್ದಿದ್ರೆ ನಾನು ಇಲ್ಲಿಗೆ ಬಂದು ಕೇಳ್ತಿದ್ದೆ ಮೇಡಂ. ಬರೆದಿತ್ತು ಅಂತ ನಂಬಿದೆ." ಅವಳು ದೂರಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ನಾನು ಇನ್ನೊಂದು ಹೊರೆ ಮುಳ್ಳು ಹೊತ್ತೆ.

ಹಿಂಡು ಬಂತು. ಮೊದಲು ಧೂಳು ಕಂಡಿತು, ಆಮೇಲೆ ನೆಲ ಅದುರಿದ್ದು ಪಾದಕ್ಕೆ ತಿಳಿಯಿತು. ಮುಂದೆ ಎಲುಬು ಕಾಣುವ ಒಂದು ಮುದಿ ಹಸು, ಓಡುವುದರಲ್ಲಿ ಮಾತ್ರ ಮುದಿಯಲ್ಲ. ಅದು ಹಳೆಯ ದಾರಿಯ ಮೇಲೆ ನೆಟ್ಟಗೆ ಬಂತು, ಅಂದರೆ ತೋಡಿದ ಹತ್ತು ಹೆಜ್ಜೆಯ ಕಡೆಗೇ. ತಾತ ಮುಳ್ಳಿನ ಒಟ್ಟಿಲಿನ ಮುಂದೆ ಹೋಗಿ ನಿಂತು ಕೋಲು ಅಡ್ಡ ಹಿಡಿದು ಒಂದು ಕೂಗು ಹಾಕಿದರು. ಹಸು ಅವರಿಂದ ಒಂದು ಮೊಳ ದೂರದಲ್ಲಿ ಮುಖ ತಿರುಗಿಸಿ ಪಕ್ಕಕ್ಕೆ ಸರಿಯಿತು. ಹಿಂದಿನವು ನೂಕುತ್ತ, ಒಂದರ ಮೇಲೊಂದು ಬೀಳುತ್ತ, ಅದರ ಹಿಂದೆಯೇ ತಿರುಗಿದವು. ಒಂದು ಕರುವಿನ ಹಿಂಗಾಲು ಮುಳ್ಳಿನ ಒಟ್ಟಿಲಿಗೆ ಸಿಕ್ಕಿ ಬಿಡಿಸಿಕೊಂಡಿತು. ಮುಳ್ಳಿನ ಆಚೆಗೆ ಕಂದಕ. ಹತ್ತು ಹೆಜ್ಜೆ ಸಾಕು, ಹದಿನೈದು ಸಾಕು ಎಂದು ಇದೇ ಜಾಗದಲ್ಲಿ ನಾನು ಚೌಕಾಸಿ ಮಾಡಿದ್ದೆ. ಇಪ್ಪತ್ತರಲ್ಲೇ ಅವು ಹೀಗೆ ದಾಟಿದವು.

ಕೊನೆಯ ಕರು ದಾಟಿದ ಮೇಲೆ ತಾತ ನನ್ನ ಹತ್ತಿರ ಬಂದು ಹರಿದ ಸೆರಗನ್ನು ನೋಡಿದರು. "ಗೇಣು ಅಂತ ಬರ್ದೀಯಲ್ಲ. ನೋಡಿದ್ಯಾ, ಮೂವತ್ತು ಹೆಜ್ಜೆ" ಎಂದರು. ಊರವರು ಆಗ ನಕ್ಕರು. ನಾನೂ ನಗಲು ಹೋದೆ, ಅಳು ಬಂದುಬಿಟ್ಟಿತು. ಜನರ ಮುಂದೆ ಅಳುವವಳಲ್ಲ ನಾನು. ಧೂಳು ಎಂದೆ, ಯಾರೂ ನಂಬಲಿಲ್ಲ.

ಅಲ್ಲೇ ಕೂತು ಮೇಕೆಗಳ ಮಾತೂ ಆಯಿತು. ಸಸಿ ತಿಂದದ್ದು ನಿಜವಲ್ಲ ಎಂದು ತಾತ ವಾದಿಸಲಿಲ್ಲ. ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ ಹಿಂಡು ಈ ಕಡೆ ಬರುವುದು, ಉಳಿದ ದಿನ ಆ ಮೂವತ್ತು ಹೆಜ್ಜೆಗೆ ಎತ್ತಿ ಸರಿಸಬಹುದಾದ ಮುಳ್ಳಿನ ಬೇಲಿ ಹಾಕಿಡುವುದು, ತೆಗೆಯುವುದೂ ಹಾಕುವುದೂ ಕಿಲಾರಿಯ ಜವಾಬ್ದಾರಿ ಎಂದಾಯಿತು. ಎರಡು ವರ್ಷದ ಹಿಂದೆ ನಾನು ಜಗಳ ಬಿಟ್ಟು ಹತ್ತು ನಿಮಿಷ ಕೂತಿದ್ದರೆ ಅಂದೇ ಆಗುತ್ತಿದ್ದ ಮಾತು.

ಮರುದಿನ ಆಫೀಸಿನಲ್ಲಿ ನಲವತ್ತೊಂದರ ಮೇಲೆ ಗೆರೆ ಎಳೆಯಲು ಪೆನ್ನು ತೆಗೆದೆ. ಹುಡುಗಿ ರಿಜಿಸ್ಟರಿನ ಮೇಲೆ ಕೈ ಇಟ್ಟು, ಮೊದಲ ಪುಟ ತಿರುವಿ, ಹೊಡೆದುಹಾಕುವಂತಿಲ್ಲ ಎಂಬ ಸಾಲನ್ನು ಬೆರಳಿನಿಂದ ತೋರಿಸಿದಳು. ಕೆಳಗೆ ನನ್ನ ಸಹಿ ಇತ್ತು. ಹಾಗಾಗಿ ನಲವತ್ತೊಂದು ಇಂದಿಗೂ ಹಾಗೇ ಇದೆ, ಅದರ ಅಂಚಿನಲ್ಲಿ 'ಅರವತ್ತನಾಲ್ಕು ಓದಿ' ಎಂದಷ್ಟೇ ಸೇರಿಸಿದ್ದೇವೆ. ಹೊಸದಾಗಿ ಸೇರಿದವರು ಅದನ್ನು ಓದಿ ನಗುವಾಗ ಈಗ ನಾನು ಎದ್ದು ಹೊರಗೆ ಹೋಗುತ್ತೇನೆ. ಚೆನ್ನಾಗಿಯೇ ಬರೆದಿದ್ದೇನೆ, ಸಂಕಟ ಇರುವುದೇ ಅದರಲ್ಲಿ.

ಅರವತ್ತನಾಲ್ಕನ್ನು ನಾನೂ ಹುಡುಗಿಯೂ ಸೇರಿ ಬರೆದೆವು. ನಗೆ ಬರುವ ಮಾತು ಒಂದೂ ಇಲ್ಲ, ಬೆರಳು ನಾಲ್ಕೂ ಇವೆ. ಸಹಿ ಹಾಕುವ ಮೊದಲು ಹೇಳಿದವರಿಗೇ ಓದಿ ಕೇಳಿಸಬೇಕು ಎಂದು ಅವಳು ಮೊದಲ ಪುಟಕ್ಕೆ ಹೊಸ ನಿಯಮ ಸೇರಿಸಿದಳು. ಮುಂದಿನ ವಾರ ರಿಜಿಸ್ಟರನ್ನೇ ಹೊತ್ತು ಗುಡ್ಡಕ್ಕೆ ಹೋದೆವು. ತಾತ ಬೇವಿನ ನೆರಳಲ್ಲಿ ಕಣ್ಣು ಮುಚ್ಚಿ ಕೂತು ಕೇಳಿದರು. ಗಬ್ಬದ ಹಸುವಿನ ಸಾಲು ಬಂದಾಗ ಇನ್ನೊಂದು ಸಲ ಓದಿಸಿದರು. ಎರಡು ಕಡೆ ತಿದ್ದಿಸಿದರು. ನಾನು ಸುಳ್ಳು ಓದುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಹುಡುಗಿಯ ಕೈಗೆ ಕೊಟ್ಟು ಅವಳಿಂದಲೂ ಪೂರ್ತಿ ಓದಿಸಿದರು. ನಾನು ಬಾಯಿ ಮುಚ್ಚಿಕೊಂಡು ಕೂತೆ.

"ಕೆಳಗೆ ಏನು ಬರೀತೀರಿ?" ಎಂದು ಕೇಳಿದರು.

"ಹೇಳಿದವರು ಅಂತ ನಿಮ್ಮ ಹೆಸರು ಬರೀತೀವಿ ತಾತ" ಎಂದೆ.

ಅವರು ಬೇಡವೆಂದು ತಲೆ ಅಲ್ಲಾಡಿಸಿದರು. "ನನ್ನ ಹೆಸ್ರು ಬರ್ದ್ರೆ, ಆ ಮುದುಕ ಸತ್ತ, ಇನ್ನು ಕೇಳೋರಿಲ್ಲ ಅಂತ ಮತ್ತೆ ತೋಡ್ತೀರಿ. ಕಿಲಾರಿ ಅಂತ ಬರಿ. ನಾನು ಹೋದ್ರೂ ಇಲ್ಲಿ ಒಬ್ಬ ಇರ್ತಾನೆ. ಅವನ್ನ ಕೇಳ್ರಿ."

ಹುಡುಗಿ ಪೆನ್ನು ನನ್ನ ಕೈಗೆ ಕೊಟ್ಟಳು. ತಾತ ಹೇಳಿದ ಹಾಗೆಯೇ ಬರೆದೆ.